ಗಿಡ್ಡ ಬೀಮ್ ಲೆಕ್ಕಕ್ಕಿಂತ ಹೆಚ್ಚು ಯಾಕೆ ಜಗ್ಗುತ್ತೆ? ಟಿಮೊಶೆಂಕೊ ಕಥೆ

ಹೈದರಾಬಾದ್‌ನ ಗಚ್ಚಿಬೌಲಿ ಕಡೆ ಇರೋ ನಮ್ಮಲ್ಲಿ ಬಹಳ ಜನ ದಿನಾ ಎತ್ತರದ ಟವರ್‌ಗಳಲ್ಲಿ ಲಿಫ್ಟ್ ಹತ್ತಿ ಇಳೀತೀವಿ. ಆ ಲಿಫ್ಟ್ ಬಾಗಿಲಿನ ಮೇಲೆ ಸಾಮಾನ್ಯವಾಗಿ ಒಂದು ಗಿಡ್ಡ, ದಪ್ಪನೆಯ ಕಾಂಕ್ರೀಟ್ ಬೀಮ್ ಇರುತ್ತೆ. ಎರಡೂ ಬದಿಯ ಗೋಡೆಗಳನ್ನು ಅದು ಜೋಡಿಸುತ್ತೆ. ಹೆಸರು ಕಪ್ಲಿಂಗ್ ಬೀಮ್. ಇವತ್ತಿನ ಮಾತು ಅದರ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಾನು ಕಟ್ಟಡ ವಿಶ್ಲೇಷಣೆಯ ಒಂದು ಪ್ರೋಗ್ರಾಂ ಬರೀತಿದ್ದೆ. ತಂಡದ ಹಿರಿಯ ಇಂಜಿನಿಯರ್ ರಾಯಚೂರಿನವರು. ಫಲಿತಾಂಶ ನೋಡಿ, "ಏನಪಾ, ಈ ಬೀಮ್ ಇಷ್ಟು ಗಟ್ಟಿ ಹೆಂಗಾತು?" ಅಂದ್ರು. ಹುಡುಕಿದಾಗ ಸಿಕ್ಕಿದ್ದು ಈ ಸಾಲು:

```
shear_area = 0.0
```

ನಮ್ಮ ಕೋಡ್‌ನಲ್ಲಿ ಸೊನ್ನೆ ಅಂದ್ರೆ "ಶಿಯರ್ ವಿರೂಪ ಬೇಡ" ಅಂತ ಅರ್ಥ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಬೀಮ್ ಬಾಗುವುದನ್ನು ಮಾತ್ರ ಲೆಕ್ಕ ಹಾಕಿ ಸುಮ್ಮನಾಗಿತ್ತು.

ಬೀಮ್ ಜಗ್ಗುವುದು ಎರಡು ರೀತಿಯಲ್ಲಿ. ಒಂದು, ಬಿಲ್ಲಿನ ಹಾಗೆ ಬಾಗುವುದು. ಇನ್ನೊಂದು ಶಿಯರ್: ಮೇಜಿನ ಮೇಲೆ ನೋಟ್‌ಬುಕ್‌ಗಳ ಅಟ್ಟಿ ಇಟ್ಟು ಮೇಲಿನದನ್ನು ಪಕ್ಕಕ್ಕೆ ತಳ್ಳಿದರೆ ಅಟ್ಟಿ ಓರೆಯಾಗುತ್ತಲ್ಲ, ಹಾಗೆ. ಹದಿನೆಂಟನೇ ಶತಮಾನದಲ್ಲಿ ಆಯ್ಲರ್ ಮತ್ತು ಬರ್ನೂಲಿಗಳು ಕೊಟ್ಟ ಸಿದ್ಧಾಂತದಲ್ಲಿ ಮೊದಲನೆಯದು ಮಾತ್ರ ಇದೆ. ಉದ್ದನೆಯ ತೆಳು ಬೀಮ್‌ಗೆ ಅಷ್ಟು ಸಾಕು. 1859ರಲ್ಲಿ ಫ್ರಾನ್ಸಿನ ಬ್ರೆಸ್ ಎರಡನೆಯದನ್ನೂ ಸಮೀಕರಣಕ್ಕೆ ಸೇರಿಸಿದ್ದ. ಆದರೆ ಇವತ್ತು ಆ ಸಿದ್ಧಾಂತಕ್ಕೆ ಅಂಟಿರೋ ಹೆಸರು ಸ್ಟೀಫನ್ ಟಿಮೊಶೆಂಕೊ ಅವರದ್ದು.

ಅವರೂ ನಮ್ಮ ಹಾಗೆ ಊರು ಬಿಟ್ಟವರೇ, ಆದರೆ ಕಾರಣ ಬೇರೆ. 1911ರಲ್ಲಿ ಸರ್ಕಾರದ ನೀತಿಯನ್ನು ಪ್ರತಿಭಟಿಸಿದ್ದಕ್ಕೆ ಕೀವ್ ಪಾಲಿಟೆಕ್ನಿಕ್‌ನಿಂದ ಅವರನ್ನು ವಜಾ ಮಾಡಿದ್ರು. ರಷ್ಯಾದ ಅಂತರ್ಯುದ್ಧದ ಹೊತ್ತಿಗೆ ದೇಶ ಬಿಟ್ಟು ಝಾಗ್ರೆಬ್ ಸೇರಿದ್ರು, 1922ರಲ್ಲಿ ಅಮೆರಿಕಕ್ಕೆ ಹೋದ್ರು. ಈ ಅಲೆದಾಟದ ನಡುವೆಯೇ, 1921ರಲ್ಲಿ, 'ಫಿಲಾಸಫಿಕಲ್ ಮ್ಯಾಗಜಿನ್'ನಲ್ಲಿ ಅವರ ಪ್ರಬಂಧ ಬಂತು.

ಗಮನಿಸಿ, ಆ ಪ್ರಬಂಧ ಗಿಡ್ಡ ಬೀಮ್ ಬಗ್ಗೆ ಅಲ್ಲ, ಬೀಮ್‌ಗಳ ಕಂಪನದ ಬಗ್ಗೆ. ಬೀಮ್ ವೇಗವಾಗಿ ಕಂಪಿಸುವಾಗ ಅಲೆಗಳಾಗಿ ಒಡೆದುಕೊಳ್ಳುತ್ತೆ. ಒಂದೊಂದು ಅಲೆಯ ಉದ್ದ ಕಡಿಮೆ, ಬೀಮಿನ ಆಳ ಮಾತ್ರ ಅಷ್ಟೇ. ಅಂದ್ರೆ ಉದ್ದನೆಯ ಬೀಮ್ ಕೂಡ ಆಗ ಗಿಡ್ಡ ಬೀಮ್‌ಗಳ ಸಾಲಿನ ಹಾಗೆ ವರ್ತಿಸುತ್ತೆ. ಅಲ್ಲಿ ಶಿಯರ್ ಬಿಟ್ಟರೆ ಲೆಕ್ಕ ತಪ್ಪುತ್ತೆ.

ಈಗ ಲಿಫ್ಟ್ ಬಾಗಿಲಿಗೆ ವಾಪಸ್ ಬರೋಣ. ಉದಾಹರಣೆಗೆ ಉದ್ದ 2 ಮೀಟರ್, ಆಳ 1 ಮೀಟರ್, ಅಗಲ 0.3 ಮೀಟರ್ ಇರೋ ಬೀಮ್ ತಗೊಳ್ಳಿ. ಎರಡೂ ತುದಿ ಗೋಡೆಯಲ್ಲಿ ಬಿಗಿ. ಗಾಳಿಗೆ ಕಟ್ಟಡ ಓಲಾಡಿದಾಗ ಒಂದು ತುದಿ ಇನ್ನೊಂದಕ್ಕಿಂತ ಮೇಲೇಳುತ್ತೆ. ಬಲ 300 ಕಿಲೋನ್ಯೂಟನ್, ಕಾಂಕ್ರೀಟಿನ E 30 ಗಿಗಾಪಾಸ್ಕಲ್, G 12.5 ಗಿಗಾಪಾಸ್ಕಲ್ ಇರಲಿ. ಆಯತಾಕಾರಕ್ಕೆ κ ಅನ್ನು 5/6 ಅಂತ ಹಿಡಿಯೋಣ.

```
ಬಾಗುವಿಕೆ = VL³/(12EI) = 0.27 mm
ಶಿಯರ್   = VL/(κGA)    = 0.19 mm
```

ಬಾಗುವಿಕೆಯ ಶೇ. 72ರಷ್ಟು ಶಿಯರ್‌ನಿಂದ ಮತ್ತೆ ಸೇರಿಕೊಂಡಿತು! ಗುಟ್ಟಿರೋದು L ಮೇಲಿನ ಘಾತದಲ್ಲಿ. ಉದ್ದ ಅರ್ಧ ಮಾಡಿದರೆ ಬಾಗುವಿಕೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಶಿಯರ್ ಬರೀ ಅರ್ಧಕ್ಕೆ. ಹಾಗಾಗಿ 1 ಮೀಟರ್ ಉದ್ದಕ್ಕೆ ಶಿಯರ್ ಪಾಲು ಬಾಗುವಿಕೆಯ ಸುಮಾರು ಮೂರು ಪಟ್ಟು. ಅದೇ ಬೀಮ್ 10 ಮೀಟರ್ ಇದ್ದಿದ್ದರೆ ಶೇ. 3 ಕೂಡ ಇಲ್ಲ. ಅದಕ್ಕೇ ಉದ್ದನೆಯ ಬೀಮ್‌ಗಳ ಮೇಲೆ ಪರೀಕ್ಷೆ ಮಾಡಿದ್ದ ನನ್ನ ಕೋಡ್ ಎಲ್ಲಾ ಟೆಸ್ಟ್ ಪಾಸಾಗಿತ್ತು.

"ಅರ್ಧ ಮಿಲಿಮೀಟರ್‌ಗೆ ಇಷ್ಟು ತಲೆಬಿಸಿ ಯಾಕೆ?" ಅಂತ ನಾನೂ ಕೇಳಿದ್ದೆ. ಸಮಸ್ಯೆ ಆ ಮಿಲಿಮೀಟರ್ ಅಲ್ಲ, ಗಡಸುತನ. ಶಿಯರ್ ಬಿಟ್ಟರೆ ಬೀಮ್ 1.72 ಪಟ್ಟು ಗಡಸು ಅಂತ ಪ್ರೋಗ್ರಾಂ ನಂಬುತ್ತೆ. ಗಡಸಾದದ್ದು ಹೆಚ್ಚು ಬಲ ಎಳ್ಕೊಳ್ಳುತ್ತೆ, ಆದ್ದರಿಂದ ಬೀಮಿಗೂ ಗೋಡೆಗೂ ಬಲದ ಹಂಚಿಕೆಯೇ ತಪ್ಪುತ್ತೆ. ಪ್ರತಿ ಮಹಡಿಯಲ್ಲೂ ಇಂಥ ಬೀಮ್ ಇರೋದರಿಂದ, ಲೆಕ್ಕದಲ್ಲಿ ಟವರ್ ನಿಜಕ್ಕಿಂತ ಕಡಿಮೆ ಓಲಾಡುತ್ತೆ.

ಟಿಮೊಶೆಂಕೊ ಸೂತ್ರಕ್ಕೂ ಮಿತಿ ಇದೆ. ಅದು ಅಡ್ಡಕೊಯ್ತ ಓರೆಯಾದರೂ ಸಮತಲವಾಗೇ ಉಳಿಯುತ್ತೆ ಅಂತ ಭಾವಿಸುತ್ತೆ. ತುಂಬಾ ಗಿಡ್ಡ ಬೀಮ್‌ನಲ್ಲಿ ಅದೂ ನಿಲ್ಲೋದಿಲ್ಲ. ಎರಡು ಆಧಾರಗಳ ಮೇಲೆ ಸರಳವಾಗಿ ಕೂತ ಬೀಮ್‌ನಲ್ಲಿ ಉದ್ದ ಆಳದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ, ನಮ್ಮ IS 456 ಅದನ್ನು ಡೀಪ್ ಬೀಮ್ ಅಂತಲೇ ಬೇರೆಯಾಗಿ ನೋಡುತ್ತೆ. ಮೇಲಾಗಿ, ಕಾಂಕ್ರೀಟ್ ಬಿರುಕು ಬಿಟ್ಟ ಮೇಲೆ ಗಡಸುತನ ಈ ಲೆಕ್ಕಕ್ಕಿಂತ ಇನ್ನೂ ಕೆಳಗಿಳಿಯುತ್ತೆ.

ಆ ಸಾಲನ್ನು ತಿದ್ದಿದ ದಿನವೇ ಟೆಸ್ಟ್‌ಗಳ ಪಟ್ಟಿಗೆ 2 ಮೀಟರ್‌ನ ಈ ಬೀಮನ್ನೂ ಸೇರಿಸಿದೆ. ಉತ್ತರ 0.46 ಬರಬೇಕು. 0.27 ಬಂದರೆ, ಯಾರೋ ಮತ್ತೆ ಸೊನ್ನೆ ಇಟ್ಟಿದ್ದಾರೆ ಅಂತ.