ಬಿಲ್ಲೆಗಳ ಕಂಬದಿಂದ ಹರಿದ ವಿದ್ಯುತ್ತು



ಒಂದು ಬೆಳ್ಳಿಯ ಬಿಲ್ಲೆ. ಅದರ ಮೇಲೆ ಒಂದು ಸತುವಿನ ಬಿಲ್ಲೆ. ಅದರ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ತುಂಡು. ಮತ್ತೆ ಬೆಳ್ಳಿ, ಮತ್ತೆ ಸತು, ಮತ್ತೆ ರಟ್ಟು. ಹೀಗೆ ಒಂದರ ಮೇಲೊಂದನ್ನು ಪೇರಿಸುತ್ತ ಹೋದರೆ ಒಂದು ಪುಟ್ಟ ಕಂಬವಾಗುತ್ತದೆ. 1800ನೆಯ ಇಸವಿಯ ಮಾರ್ಚ್ 20ರಂದು ಇಟಲಿಯ ಪ್ರಾಧ್ಯಾಪಕನಾದ ಅಲೆಸ್ಸಾಂಡ್ರೊ ವೋಲ್ಟನು, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಬರೆದ ಕಾಗದದಲ್ಲಿ ಇಂತಹ ಕಂಬವೊಂದನ್ನು ವರ್ಣಿಸಿದನು. ಅದೇ ಮೊದಲನೆಯ ಬ್ಯಾಟರಿ.

ಅದಕ್ಕೆ ಮುಂಚೆ ಜನರಿಗೆ ವಿದ್ಯುತ್ತು ತಿಳಿಯದೆ ಇರಲಿಲ್ಲ. ಗಾಜಿನ ಗೋಳವನ್ನು ತಿರುಗಿಸಿ ಉಜ್ಜಿ ಅದನ್ನು ಹುಟ್ಟಿಸುತ್ತಿದ್ದರು. ಲೇಡನ್ ಜಾಡಿಯೆಂಬ ಗಾಜಿನ ಪಾತ್ರೆಯಲ್ಲಿ ಕೂಡಿಡುತ್ತಿದ್ದರು. ಆದರೆ ಆ ಜಾಡಿಯನ್ನು ಮುಟ್ಟಿದೊಡನೆ ಫಟ್ಟನೆ ಒಂದು ಕಿಡಿ ಹಾರಿ ಎಲ್ಲವೂ ಮುಗಿದುಹೋಗುತ್ತಿದ್ದಿತು. ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಯವಾಗುವ ವಸ್ತುವನ್ನು ಪರೀಕ್ಷಿಸುವುದೆಂತು? ಬೇಕಾಗಿದ್ದುದು ಕಿಡಿಯಲ್ಲ, ಹೊಳೆಯಂತೆ ಎಡೆಬಿಡದೆ ಹರಿಯುವ ಪ್ರವಾಹ.

ಆ ಪ್ರವಾಹದ ಸುಳಿವು ದೊರೆತುದು ಒಂದು ಸತ್ತ ಕಪ್ಪೆಯಿಂದ. ಬೊಲೊನ್ಯ ನಗರದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಲುಯಿಜಿ ಗ್ಯಾಲ್ವನಿಯು, ಕಪ್ಪೆಯ ಕಾಲಿನ ನರಕ್ಕೂ ಸ್ನಾಯುವಿಗೂ ಎರಡು ಬಗೆಯ ಲೋಹಗಳನ್ನು ಸೋಕಿಸಿ ಆ ಲೋಹಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಕಾಲು ಅದುರುವುದೆಂದು ಕಂಡು, 1791ರಲ್ಲಿ ಅದನ್ನು ಪ್ರಕಟಿಸಿದನು. ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತು ಅಡಗಿದೆಯೆಂಬುದು ಅವನ ಮತ. ವೋಲ್ಟನು ಮೊದಲು ಅದನ್ನು ಒಪ್ಪಿದನು, ಆಮೇಲೆ ಸಂದೇಹಪಟ್ಟನು. ಲೋಹಗಳು ಎರಡು ಬಗೆಯವಾದರೆ ಕಾಲು ಚೆನ್ನಾಗಿ ಅದುರುತ್ತದೆ, ಒಂದೇ ಬಗೆಯವಾದರೆ ಅಷ್ಟಾಗಿ ಅದುರುವುದಿಲ್ಲ, ಏಕೆ? ಅವನು ಕಪ್ಪೆಯನ್ನು ಬಿಟ್ಟು ತನ್ನ ನಾಲಗೆಯನ್ನೇ ಪರೀಕ್ಷೆಗೆ ಒಡ್ಡಿದನು. ನಾಲಗೆಗೆ ತವರದ ತಗಡನ್ನೂ ಬೆಳ್ಳಿಯ ನಾಣ್ಯವನ್ನೂ ತಾಗಿಸಿ ಎರಡನ್ನೂ ಕೂಡಿಸಿದಾಗ ಹುಳಿಯಾದ ರುಚಿ ತೋರಿತು. ಹಾಗಾದರೆ ವಿದ್ಯುತ್ತಿನ ಮೂಲ ಲೋಹಗಳ ಕಡೆಯಲ್ಲಿದೆ; ಕಪ್ಪೆಯ ಕಾಲು ಅದನ್ನು ತೋರಿಸಿಕೊಟ್ಟ ಸೂಕ್ಷ್ಮವಾದ ಉಪಕರಣ ಮಾತ್ರ ಎಂದು ಅವನು ನಿಶ್ಚಯಿಸಿದನು. ಪ್ರಾಣಿಯಿಂದ ದೊರೆಯುತ್ತಿದ್ದುದು ಬರಿಯ ತೇವವಾದರೆ, ಉಪ್ಪುನೀರಿನ ರಟ್ಟೇ ಸಾಕಲ್ಲವೇ?

ಒಂದು ಜೋಡಿಯ ಬಲ ಅತ್ಯಲ್ಪ. ನಮ್ಮ ಇಂದಿನ ಅಳತೆಯಲ್ಲಿ ಅದು ಸುಮಾರು ಮುಕ್ಕಾಲು ವೋಲ್ಟು. ಆ ಅಳತೆಯ ಹೆಸರೂ ಇವನದೇ. ಅದನ್ನು ಹೆಚ್ಚಿಸುವ ಗುಟ್ಟು ಪೇರಿಸುವ ಕ್ರಮದಲ್ಲಿದೆ. ರಟ್ಟಿಲ್ಲದೆ ಬೆಳ್ಳಿಯನ್ನೂ ಸತುವನ್ನೂ ಎಷ್ಟು ಸಲ ಅಡಕಿದರೂ ಏನೂ ದೊರೆಯದು. ಪ್ರತಿ ಜೋಡಿಗೂ ಮುಂದಿನ ಜೋಡಿಗೂ ನಡುವೆ ತೇವವಿರಬೇಕು. ಕೆಳಗಿನಿಂದ ಮೇಲಿನವರೆಗೂ ಅದೇ ಸರದಿ ತಪ್ಪದೆ ನಡೆಯಬೇಕು. ಆಗ 20 ಜೋಡಿಗಳ ಬಲ ಕೂಡಿ ಸುಮಾರು 15 ವೋಲ್ಟುಗಳಾಗುತ್ತದೆ. ಮರೆತು ಒಂದು ಜೋಡಿಯನ್ನು ತಲೆಕೆಳಗಾಗಿ ಇಟ್ಟರೆ, ಅದರ ಬಲ ಸೇರದೆ ಹೋಗುವುದಷ್ಟೇ ಅಲ್ಲ, ಮತ್ತೊಂದು ಜೋಡಿಯ ಬಲವನ್ನೂ ಅಳಿಸಿ, ಹದಿಮೂರೂವರೆ ವೋಲ್ಟು ಮಾತ್ರ ಉಳಿಯುತ್ತದೆ. ಸುಮಾರು 20 ಜೋಡಿಗಳ ಕಂಬದ ಎರಡು ತುದಿಗಳನ್ನು ಒದ್ದೆಯಾದ ಬೆರಳುಗಳಿಂದ ಮುಟ್ಟಿದರೆ ಸಣ್ಣ ಆಘಾತವು ಅನುಭವಕ್ಕೆ ಬರುವುದೆಂದೂ, ಮತ್ತೆ ಮತ್ತೆ ಮುಟ್ಟಿದರೂ ಅದು ಬರುತ್ತಲೇ ಇರುವುದೆಂದೂ ವೋಲ್ಟನು ಬರೆದನು. ಲೇಡನ್ ಜಾಡಿಯಿಂದ ಆಗದಿದ್ದ ಕೆಲಸವೇ ಇದು.

ಬ್ಯಾಂಕ್ಸನು ಕಾಗದದ ಮೊದಲ ಭಾಗವನ್ನು ಆಂಟನಿ ಕಾರ್ಲೈಲ್ ಎಂಬ ಶಸ್ತ್ರವೈದ್ಯನಿಗೆ ತೋರಿಸಿದನು. ಕಾರ್ಲೈಲನೂ ಅವನ ಮಿತ್ರನಾದ ವಿಲಿಯಂ ನಿಕಲ್ಸನ್ನನೂ 17 ಬೆಳ್ಳಿಯ ಅರ್ಧ ಕ್ರೌನ್ ನಾಣ್ಯಗಳಿಂದಲೂ ಅಷ್ಟೇ ಸತುವಿನ ಬಿಲ್ಲೆಗಳಿಂದಲೂ ಕಂಬವನ್ನು ಕಟ್ಟಿದರು. ತಂತಿಯು ಬಿಲ್ಲೆಗೆ ಚೆನ್ನಾಗಿ ಕೂಡಲೆಂದು ಮೇಲೊಂದು ಹನಿ ನೀರು ಹಾಕಿದಾಗ, ತಂತಿಯ ಸುತ್ತ ಸಣ್ಣ ಗುಳ್ಳೆಗಳು ಏಳುವುದನ್ನು ಕಂಡರು. ಮೇ 2ರಂದು ನೀರು ತುಂಬಿದ ಗಾಜಿನ ನಳಿಗೆಯಲ್ಲಿ ಎರಡು ಹಿತ್ತಾಳೆಯ ತಂತಿಗಳ ತುದಿಗಳನ್ನು ದೂರದೂರವಾಗಿ ಇಳಿಬಿಟ್ಟು ನೋಡಿದರು. ಒಂದು ತಂತಿಯಿಂದ ಜಲಜನಕದ ಗುಳ್ಳೆಗಳು ಎದ್ದುವು. ಇನ್ನೊಂದು ತಂತಿ ಬಣ್ಣಗೆಟ್ಟು ಸವೆಯಿತು. ಸವೆಯದ ಪ್ಲಾಟಿನಂ ತಂತಿಗಳನ್ನು ಇಟ್ಟಾಗ ಆ ಎರಡನೆಯ ಕಡೆಯಲ್ಲಿ ಆಮ್ಲಜನಕವು ಹೊರಟಿತು. ವೋಲ್ಟನ ಕಾಗದವನ್ನು ರಾಯಲ್ ಸೊಸೈಟಿಯಲ್ಲಿ ಓದಿದ್ದು ಜೂನ್ 26ರಂದು. ಅಷ್ಟರಲ್ಲಿಯೇ ಅವನ ಕಂಬವು ನೀರನ್ನು ಒಡೆದು ತೋರಿಸಿದ್ದಿತು!

ಆದರೆ ವೋಲ್ಟನು ಒಂದು ವಿಷಯದಲ್ಲಿ ತಪ್ಪಿದನು. ಎರಡು ಲೋಹಗಳು ಬರಿದೆ ಸೋಕುವುದರಿಂದಲೇ ಶಕ್ತಿ ಹೊರಡುತ್ತದೆ, ಅದು ಎಂದಿಗೂ ಮುಗಿಯದು ಎಂದು ಅವನು ಭಾವಿಸಿದ್ದನು. ಕಂಬವನ್ನು ಬಿಚ್ಚಿ ನೋಡಿದವರಿಗೆ ಮಾತ್ರ ಸತುವಿನ ಮುಖ ಸವೆದು ಮಂಕಾಗಿರುವುದು ಕಾಣುತ್ತಿದ್ದಿತು. ಸತುವು ಕರಗುತ್ತ ಬಿಟ್ಟುಕೊಡುವ ಎಲೆಕ್ಟ್ರಾನುಗಳೇ ಪ್ರವಾಹದ ಮೂಲವೆಂದು ಈಗ ನಮಗೆ ಗೊತ್ತು. ಒಲೆಗೆ ಸೌದೆ ಹೇಗೋ ಕಂಬಕ್ಕೆ ಸತುವು ಹಾಗೆ. ಅದು ತೀರಿದರೆ ಪ್ರವಾಹವೂ ತೀರಿತು.

ಸತುವು ತೀರುವ ಮೊದಲೇ ಬೇರೆ ತೊಡಕುಗಳು ಬರುತ್ತಿದ್ದುವು. ಬಿಲ್ಲೆಗಳ ಭಾರಕ್ಕೆ ಕೆಳಗಿನ ರಟ್ಟುಗಳಿಂದ ಉಪ್ಪುನೀರು ಹಿಂಡಿ ಪಕ್ಕದಲ್ಲಿ ಇಳಿಯುತ್ತಿದ್ದಿತು. ಪ್ರವಾಹವು ತಂತಿಯನ್ನು ಬಿಟ್ಟು ಆ ತೇವದ ಹಾದಿಯನ್ನೇ ಹಿಡಿಯುತ್ತಿದ್ದಿತು. ರಟ್ಟು ಒಣಗಿದರಂತೂ ಕಂಬವು ಸುಮ್ಮನಾಗುತ್ತಿದ್ದಿತು. ಇದಕ್ಕೆ ಬದಲಾಗಿ ಉಪ್ಪುನೀರಿನ ಬಟ್ಟಲುಗಳನ್ನು ಸಾಲಾಗಿ ಇಟ್ಟು ಲೋಹಗಳನ್ನು ಅವುಗಳಲ್ಲಿ ಅದ್ದುವ ಉಪಾಯವನ್ನೂ ವೋಲ್ಟನು ಅದೇ ಕಾಗದದಲ್ಲಿ ತಿಳಿಸಿದ್ದನು. ಆದರೂ ಬೆಳ್ಳಿಯ ಮುಖವನ್ನು ಜಲಜನಕದ ಗುಳ್ಳೆಗಳು ಮುಚ್ಚಿ ಪ್ರವಾಹವು ಬೇಗನೆ ಕುಂದುತ್ತಿದ್ದಿತು. 1836ರಲ್ಲಿ ಜಾನ್ ಡೇನಿಯಲ್ಲನು, ತಾಮ್ರವನ್ನು ಮೈಲುತುತ್ತದ ದ್ರಾವಣದಲ್ಲಿ ನಿಲ್ಲಿಸಿ, ಗುಳ್ಳೆಗಳಿಗೆ ಬದಲಾಗಿ ತಾಮ್ರವೇ ತಾಮ್ರದ ಮೇಲೆ ಕೂಡುವಂತೆ ಮಾಡಿ ಈ ದೋಷವನ್ನು ಕಳೆದನು.

ಕೊನೆಯದಾಗಿ, ನಿಮ್ಮ ವಯಸ್ಸಿಗೆ ಸಮೀಪದ ಒಬ್ಬ ತರುಣನ ಸಂಗತಿ. 1812ರ ಜುಲೈಯಲ್ಲಿ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಯುತ್ತಿದ್ದ 20 ವರ್ಷದ ಯುವಕನೊಬ್ಬನು, ಏಳು ತಾಮ್ರದ ಅರ್ಧ ಪೆನ್ನಿ ನಾಣ್ಯಗಳನ್ನೂ, ಅದೇ ಅಳತೆಗೆ ಕತ್ತರಿಸಿದ ಏಳು ಸತುವಿನ ಬಿಲ್ಲೆಗಳನ್ನೂ, ಉಪ್ಪುನೀರಿನಲ್ಲಿ ಅದ್ದಿದ ಆರು ಕಾಗದದ ಚೂರುಗಳನ್ನೂ ಪೇರಿಸಿದನು; ಆ ಪುಟ್ಟ ಕಂಬದಿಂದ ಮೆಗ್ನೀಷಿಯಂ ಸಲ್ಫೇಟಿನ ದ್ರಾವಣವನ್ನು ಒಡೆದು, ಸಂತೋಷ ತಡೆಯಲಾರದೆ ಗೆಳೆಯನಿಗೆ ಕಾಗದ ಬರೆದನು. ಅವನೇ ಮೈಕೇಲ್ ಫ್ಯಾರಡೆ. 1831ರಲ್ಲಿ ಅವನು ಒಂದು ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ತಂತಿಗಳನ್ನು ಸುತ್ತಿ, ಒಂದಕ್ಕೆ ಬ್ಯಾಟರಿಯನ್ನು ಕೂಡಿಸಿದ ಕ್ಷಣದಲ್ಲಿ ಇನ್ನೊಂದರಲ್ಲಿ ಪ್ರವಾಹ ಮೂಡುವುದನ್ನು ಕಂಡನು. ಹರಿಯುವ ನೀರಿನ ಬಲದಿಂದಲೂ ಹಬೆಯ ಬಲದಿಂದಲೂ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳಿಗೆ ಆ ಶೋಧನೆಯೇ ತಾಯಿಬೇರು. ಊರುಗಳನ್ನು ಬೆಳಗುವ ಕೆಲಸವನ್ನು ಆ ಯಂತ್ರಗಳು ವಹಿಸಿಕೊಂಡುವು. ಆದರೆ ಅವುಗಳ ದಾರಿಯನ್ನು ಹುಡುಕಿಕೊಟ್ಟುದು ಆ ಬಿಲ್ಲೆಗಳ ಕಂಬದ ಸಂತತಿಯಾದ ಬ್ಯಾಟರಿಯೇ.