ಟೆಂಟಿನ ಟಿಕೆಟ್‌ನಿಂದ ಲೈವ್‌ನ ಲೆಕ್ಕದವರೆಗೆ

ವಿಟ್ಲ, ಬಂಟ್ವಾಳ, ಮೂಡುಬಿದಿರೆ ಕಡೆಯ ಹಿರಿಯರಿಗೆ ಟೆಂಟಿನ ಆಟ ಚೆನ್ನಾಗಿ ನೆನಪಿರುತ್ತದೆ. ಮೇಳದವರು ಗದ್ದೆಯಲ್ಲಿ ಡೇರೆ ಹಾಕಿ, ಕುರ್ಚಿಗೆ ಒಂದು ದರ, ನೆಲಕ್ಕೆ ಇನ್ನೊಂದು ದರ ಇಟ್ಟು ಟಿಕೆಟ್ ಕೊಡುತ್ತಿದ್ದರು. ಎಷ್ಟು ಜನ ಒಳಗೆ ಬಂದರು ಎಂಬುದು ಟಿಕೆಟ್ ಲೆಕ್ಕದಿಂದ ತಿಳಿಯುತ್ತಿತ್ತು. ಎರಡು ಗಂಟೆ ರಾತ್ರಿಗೆ ಎಷ್ಟು ಜನ ಎಚ್ಚರ ಇದ್ದರು ಎಂಬುದು ತಿಳಿಯುತ್ತಿರಲಿಲ್ಲ. ಹರಕೆಯ ಬಯಲಾಟದಲ್ಲಿ ಟಿಕೆಟೂ ಇಲ್ಲ, ಲೆಕ್ಕವೂ ಇಲ್ಲ. ಆಮೇಲೆ ಕ್ಯಾಸೆಟ್ ಬಂತು. ಆಟ ಮುಗಿದ ಮೇಲೂ ಜನ ಕೇಳುತ್ತಾರೆ ಎಂಬುದು ಅದರ ಮಾರಾಟದಿಂದ ಗೊತ್ತಾಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಪತ್ತನಾಜೆಗೆ ಮೊದಲೇ ಮೇಳಗಳ ತಿರುಗಾಟ ನಿಂತಿತು. ಆ ಹೊತ್ತಿನಲ್ಲಿ ಯೂಟ್ಯೂಬ್ ಲೈವ್ ಅನೇಕರಿಗೆ ರಂಗಸ್ಥಳವಾಯಿತು. ಹಳೆಯ ಮೂರು ಲೆಕ್ಕಗಳೂ ಈಗ ಒಂದೇ ಪರದೆಯಲ್ಲಿವೆ: ಒಂದೇ ಹೊತ್ತಿಗೆ ನೋಡುತ್ತಿದ್ದವರ ಗರಿಷ್ಠ ಸಂಖ್ಯೆ, ನಿಮಿಷಕ್ಕೆ ಬಂದ ಚಾಟ್, ಮತ್ತು ಆಮೇಲೆ ನೋಡಿದವರ ಸಂಖ್ಯೆ.

ಒಂದು ಲೆಕ್ಕ ಹಿಡಿಯೋಣ. ರಾತ್ರಿ 11ಕ್ಕೆ 600 ಮಂದಿ ನೋಡುತ್ತಿದ್ದಾರೆ, ನಿಮಿಷಕ್ಕೆ 12 ಚಾಟ್. ರಾತ್ರಿ 1.30ಕ್ಕೆ 200 ಮಂದಿ, ನಿಮಿಷಕ್ಕೆ 10 ಚಾಟ್. 600 ದೊಡ್ಡದು ಎಂದು ಅಲ್ಲಿಗೇ ನಿಲ್ಲಬಾರದು. ನೂರು ಮಂದಿಗೆ ಎಷ್ಟು ಎಂದು ಭಾಗಿಸಿದರೆ ಮೊದಲಿನದು 2, ಎರಡನೆಯದು 5. ಜನ ಕಡಿಮೆ, ಆದರೆ ಉಳಿದವರು ಪದ್ಯದಲ್ಲಿ ಮುಳುಗಿದ್ದಾರೆ. ಹಾಗೆಂದು ಚಾಟ್ ಓದದೆ ನಂಬುವಂತಿಲ್ಲ. ‘ಸೌಂಡ್ ಇಲ್ಲ’ ಎಂದು ಎಲ್ಲರೂ ಬರೆದರೂ ಚಾಟ್ ಏರುತ್ತದೆ.

ಜನ ಇಳಿದ ರೀತಿಯನ್ನೂ ನೋಡಬೇಕು. ಗೆರೆ ನಿಧಾನವಾಗಿ ಇಳಿದರೆ ನಿದ್ದೆ. ಒಂದೇ ನಿಮಿಷದಲ್ಲಿ ಕುಸಿದು ಮತ್ತೆ ಏರಿದರೆ ಹೆಚ್ಚಾಗಿ ನಮ್ಮ ನೆಟ್‌ವರ್ಕ್ ಕೈಕೊಟ್ಟದ್ದು. ಪ್ರಸಂಗದ್ದೂ ಅಲ್ಲ, ಭಾಗವತರದ್ದೂ ಅಲ್ಲ. ಇನ್ನೊಂದು ಮಿತಿ ಇದೆ: ಮನೆಯ ಒಂದೇ ಫೋನಿನಲ್ಲಿ ನಾಲ್ವರು ನೋಡಿದರೂ ಲೆಕ್ಕ ಒಂದೇ.

ಮೂರನೆಯ ಸಂಖ್ಯೆಗೆ ಒಂದು ವಾರ ಕಾಯಬೇಕು. ಆ 1.30ರ ಪದ್ಯವನ್ನೇ ಜನ ಮತ್ತೆ ಮತ್ತೆ ನೋಡಿದ್ದರೆ ಮುಂದಿನ ಸಲದ ಕೆಲಸ ಸ್ಪಷ್ಟ. ಆ ಹೊತ್ತಿಗೆ ಹೊಸ ಬ್ಯಾಟರಿ, ನಿದ್ದೆಗೆಡದ ಕ್ಯಾಮೆರಾದವರು ಸಿದ್ಧ ಇರಬೇಕು. ಬೆಳಿಗ್ಗೆ ಆ ಭಾಗವನ್ನು ಪ್ರತ್ಯೇಕ ವಿಡಿಯೋ ಮಾಡಿ ಹಾಕಬೇಕು. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ, ನಮ್ಮ 1.30 ಅಲ್ಲಿನ ನಡುರಾತ್ರಿ. ಅಲ್ಲಿಂದ ನೋಡುವವರು ಎಷ್ಟು ಎಂದು ಊರುವಾರು ಪಟ್ಟಿಯಲ್ಲಿ ಪರೀಕ್ಷಿಸಬಹುದು.

ಕಂಬಳದವರಿಗೆ ಒಂದು ಎಚ್ಚರಿಕೆ: 12 ಗಂಟೆ ಮೀರಿದ ಲೈವ್ ಯೂಟ್ಯೂಬಿನಲ್ಲಿ ತಾನಾಗಿ ಪೂರ್ತಿ ಉಳಿಯುತ್ತದೆಂಬ ಭರವಸೆ ಇಲ್ಲ. ಕಂಬಳ ಮರುದಿನದವರೆಗೂ ಓಡುತ್ತದೆ. ಅದನ್ನು ಎರಡು ಮೂರು ಲೈವ್‌ಗಳಾಗಿ ಒಡೆಯದಿದ್ದರೆ ಮೂರನೆಯ ಲೆಕ್ಕವೇ ಇರುವುದಿಲ್ಲ.