ವೇತನ ಹಿಂಬಾಕಿ

ವೇತನ ಹಿಂಬಾಕಿ: ವೇತನ ಪರಿಷ್ಕರಣೆ ಹಿಂದಿನ ದಿನಾಂಕದಿಂದ ಜಾರಿಯಾದಾಗ, ಆ ದಿನದಿಂದ ಸಲ್ಲಬೇಕಿದ್ದ ಮತ್ತು ವಾಸ್ತವವಾಗಿ ಸಂದ ವೇತನಗಳ ನಡುವಣ ವ್ಯತ್ಯಾಸದ ಮೊತ್ತ. ಆಡುಮಾತಿನಲ್ಲಿ ಅರಿಯರ್ಸ್.

ಕೇಂದ್ರದ ಏಳನೇ ವೇತನ ಆಯೋಗದ ಶ್ರೇಣಿಗಳು 2016ರ ಜುಲೈನಲ್ಲಿ ಪ್ರಕಟವಾಗಿ ಅದೇ ವರ್ಷದ ಜನವರಿ 1ರಿಂದ ಅನ್ವಯವಾದವು. ಲೆಕ್ಕ ತಿಂಗಳುವಾರು ನಡೆಯುತ್ತದೆ. 7,000 ರೂಪಾಯಿ ಹಳೆಯ ಮೂಲವೇತನಕ್ಕೆ ಶೇ. 125 ತುಟ್ಟಿಭತ್ಯೆ ಸೇರಿ 15,750 ಆಗುತ್ತಿತ್ತು. ಹೊಸ ಮೂಲವೇತನ 18,000, ಅದರ ಮೇಲಿನ ತುಟ್ಟಿಭತ್ಯೆ ಸೊನ್ನೆ. ವ್ಯತ್ಯಾಸ 2,250, ಜೂನ್‌ವರೆಗಿನ ಆರು ತಿಂಗಳಿಗೆ 13,500. ಜುಲೈನಲ್ಲಿ ವಾರ್ಷಿಕ ಬಡ್ತಿಯಿಂದ ಎರಡೂ ಬದಿ ಬದಲಾಗುವುದರಿಂದ (18,500 ಮತ್ತು 16,223) ಆ ತಿಂಗಳ ವ್ಯತ್ಯಾಸ 2,277. ಒಂದೇ ತಿಂಗಳ ವ್ಯತ್ಯಾಸವನ್ನು ಏಳರಿಂದ ಗುಣಿಸುವುದು ಸಾಮಾನ್ಯ ತಪ್ಪು. ಹೊಸ ಮೂಲವೇತನದ ಜೊತೆ ಹಳೆಯ ತುಟ್ಟಿಭತ್ಯೆಯನ್ನೂ ಹಿಡಿದರೆ ಮೊತ್ತ ಅಸಹಜವಾಗಿ ಉಬ್ಬುತ್ತದೆ. ಮನೆ ಬಾಡಿಗೆ ಭತ್ಯೆ 2017ರ ಜೂನ್‌ವರೆಗೆ ಹಳೆಯ ದರದಲ್ಲೇ ಉಳಿದದ್ದರಿಂದ ಅದಕ್ಕೆ ಹಿಂಬಾಕಿ ಇರಲಿಲ್ಲ.

ಹಿಂಬಾಕಿಗೆ, ಮೊದಲೇ ತೆರಿಗೆ ಆಗಿರದಿದ್ದರೆ, ಕೈಸೇರಿದ ವರ್ಷದಲ್ಲಿ ತೆರಿಗೆ ಬೀಳುತ್ತದೆ. ಇದರಿಂದ ಮೇಲಿನ ದರಕ್ಕೆ ಸಿಲುಕಿದವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಂ ಪರಿಹಾರ ಒದಗಿಸಿತು. ಮೇಲಿನ ಪ್ರಸಂಗದಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಪಾಲು ಮಾತ್ರ ಹಿಂದಿನ ಆರ್ಥಿಕ ವರ್ಷದ್ದು. ಮೇಲಧಿಕಾರಿಯೊಬ್ಬರ ಆ ಪಾಲು 30,000 ಎನ್ನೋಣ: ಈ ವರ್ಷ ಶೇ. 20ರಂತೆ ಹೆಚ್ಚುವರಿ ತೆರಿಗೆ 6,000, ಹಿಂದಿನ ವರ್ಷವೇ ಬಂದಿದ್ದರೆ ಶೇ. 10ರಂತೆ 3,000; ಸೆಸ್ ಬಿಟ್ಟು ಪರಿಹಾರ 3,000. ಎರಡೂ ವರ್ಷ ದರ ಒಂದೇ ಆಗಿದ್ದರೆ ಪರಿಹಾರವಿಲ್ಲ. ರಿಟರ್ನ್‌ಗೆ ಮುನ್ನ 10ಇ ನಮೂನೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸದಿದ್ದರೆ ಪರಿಹಾರ ತಿರಸ್ಕೃತವಾಗಿ ತೆರಿಗೆ ಬೇಡಿಕೆಯ ನೋಟಿಸ್ ಬರುತ್ತಿತ್ತು.